ಐದನೆಯ ಅಳತೆ

ಅರಕಲಗೂಡು ಕಡೆಯ ಒಂದು ಹೊಲವನ್ನು ಕಣ್ಣ ಮುಂದೆ ತಂದುಕೊಳ್ಳಿ. ಯಜಮಾನರು ಅದರಲ್ಲಿ ಹತ್ತು ಗುಂಟೆಯನ್ನು ಶುಂಠಿ ಹಾಕುವವರಿಗೆ ಒಂದು ಬೆಳೆಯ ಮಟ್ಟಿಗೆ ಗುತ್ತಿಗೆ ಕೊಡಬೇಕೆಂದಿದ್ದಾರೆ. ಉಳಿದದ್ದಕ್ಕೆ ಮುಸುಕಿನ ಜೋಳ. ಹೊಲಕ್ಕೆ ನಾಲ್ಕು ಬದು, ನಾಲ್ಕು ಮೂಲೆ. ಒಂದು ಬದುವಿನ ಉದ್ದ ಇನ್ನೊಂದಕ್ಕಿಲ್ಲ, ಒಂದು ಮೂಲೆಯೂ ಕೋಣೆಯ ಮೂಲೆಯಂತೆ ನೆಟ್ಟಗಿಲ್ಲ. ಮೂಲೆಗಳಿಗೆ ಮನೆಯವರು ಇಟ್ಟುಕೊಂಡ ಹೆಸರುಗಳಿವೆ: ಗಾಡಿ ಬರುವ ಕಡೆ ದಾರಿ ಮೂಲೆ, ಅಲ್ಲಿಂದ ಬದು ಹಿಡಿದು ಹೋದರೆ ಬಾವಿ ಮೂಲೆ, ಮುಂದೆ ಹೊಂಗೆ ಮೂಲೆ, ಕೊನೆಗೆ ಹುಣಸೆ ಮೂಲೆ. ಲೆಕ್ಕ ಸಲೀಸಾಗಲೆಂದು ಅಂಕಿಗಳನ್ನು ನಾನೇ ಜೋಡಿಸಿದ್ದೇನೆ. ನಿಮ್ಮ ಹೊಲ ಇಷ್ಟು ನಯವಾಗಿ ಲೆಕ್ಕಕ್ಕೆ ಬಗ್ಗುವುದಿಲ್ಲ.

ದಾರಿ ಮೂಲೆಯಿಂದ ಬಾವಿಗೆ 195 ಅಡಿ. ಬಾವಿಯಿಂದ ಹೊಂಗೆಗೆ 225. ಹೊಂಗೆಯಿಂದ ಹುಣಸೆಗೆ 100. ಹುಣಸೆಯಿಂದ ಮತ್ತೆ ದಾರಿ ಮೂಲೆಗೆ 170. ಹಾಗಾದರೆ ಹೊಲ ಎಷ್ಟು ಗುಂಟೆ?

ಊರಿನಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ. ಎದುರುಬದುರಿನ ಬದುಗಳನ್ನು ಕೂಡಿ ಅರ್ಧ ಮಾಡು, ಬಂದ ಎರಡನ್ನು ಗುಣಿಸು. 195ಕ್ಕೆ ಎದುರು 100. ಕೂಡಿ ಅರ್ಧ ಮಾಡಿದರೆ 147½. 225ಕ್ಕೆ ಎದುರು 170, ಅರ್ಧ 197½. ಗುಣಿಸಿದರೆ 29,131 ಚದರ ಅಡಿ. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, ಅಂದರೆ 1,089 ಚದರ ಅಡಿ. ಅಂಥ ನಲವತ್ತು ಸೇರಿದರೆ ಎಕರೆ. ಭಾಗಿಸಿ ನೋಡಿದರೆ ಹೊಲ 26 ಗುಂಟೆ 12 ಆಣೆ. ಗುಂಟೆಯ ಹದಿನಾರನೆಯ ಒಂದು ಪಾಲು ಆಣೆ. ರೂಪಾಯಿಯಿಂದ ಆಣೆ ಹೋದರೂ ಜಮೀನಿನಲ್ಲಿ ಉಳಿದುಕೊಂಡಿದೆ.

ಈ ಉತ್ತರ ತಪ್ಪು ಮಾತ್ರವಲ್ಲ, ಅಸಾಧ್ಯ. ಈ ನಾಲ್ಕು ಉದ್ದದ ಬದುಗಳನ್ನು ನೀವು ಹೇಗೆ ಜೋಡಿಸಿದರೂ 26¾ ಗುಂಟೆಯ ಹೊಲ ಆಗುವುದೇ ಇಲ್ಲ.

ಅದು ಹೇಗೆಂದು ನೋಡಲು ನಾಲ್ಕು ಬಿದಿರುಗಳ ತುದಿಗಳನ್ನು ಹಗ್ಗದಿಂದ ಕಟ್ಟಿ ಚೌಕಟ್ಟು ಮಾಡಿ ನೆಲದ ಮೇಲಿಡಿ. ಒಂದು ಮೂಲೆಯನ್ನು ಕಾಲಿನಿಂದ ಒತ್ತಿ. ಬಿದಿರಿನ ಉದ್ದ ಕೂದಲೆಳೆಯಷ್ಟೂ ಬದಲಾಗದೆ ಇಡೀ ಚೌಕಟ್ಟು ಓರೆಯಾಗಿ ಜಗ್ಗುತ್ತದೆ, ಒಳಗಿನ ಜಾಗ ಕುಗ್ಗುತ್ತದೆ. ಇನ್ನೂ ಒತ್ತಿದರೆ ಬಿದಿರುಗಳು ಒಂದಕ್ಕೊಂದು ಅಂಟಿ ಮಲಗಿಬಿಡುತ್ತವೆ. ಮೂರು ಬಿದಿರಿನದಾದರೆ ಎಷ್ಟು ಒದ್ದರೂ ಜಪ್ಪಯ್ಯ ಅನ್ನುವುದಿಲ್ಲ. ತೋಟದ ಬಾಗಿಲು ಜೋಲದಿರಲೆಂದು ಬಡಗಿ ಮೂಲೆಯಿಂದ ಮೂಲೆಗೆ ಒಂದು ಓರೆಪಟ್ಟಿ ಹೊಡೆಯುತ್ತಾನಲ್ಲ, ಅವನು ಮಾಡುವುದು ಇಷ್ಟೇ: ಒಂದು ಚತುರ್ಭುಜವನ್ನು ಎರಡು ತ್ರಿಭುಜ ಮಾಡುವುದು. ನಾಲ್ಕು ಬದುಗಳ ಉದ್ದ ಮಾತ್ರ ಗೊತ್ತಿದ್ದರೆ ಹೊಲದ ಆಕಾರ ಇನ್ನೂ ನಿಂತಿಲ್ಲ ಎಂದೇ ಅರ್ಥ. ಆಕಾರವೇ ನಿಲ್ಲದಿದ್ದಾಗ ವಿಸ್ತೀರ್ಣ ಎಲ್ಲಿಂದ ಬರಬೇಕು?

ನಮ್ಮ ಹೊಲದಲ್ಲೇ ನೋಡಿ. ಬದುಗಳು ಅವೇ ನಾಲ್ಕು. ದಾರಿ ಮೂಲೆಯಿಂದ ಎದುರಿನ ಹೊಂಗೆ ಮೂಲೆಗೆ ನಡುವೆ ಹಾಯ್ದು ಅಳೆದಾಗ 150 ಅಡಿ ಬಂದಿದ್ದರೆ ಹೊಲ ಸುಮಾರು 20 ಗುಂಟೆ. 210 ಬಂದರೆ 25. 260 ಬಂದರೆ 23¾. ಹಿಗ್ಗಿಸುತ್ತ ಹೋದಂತೆ ಏರಿ ಮತ್ತೆ ಇಳಿಯುತ್ತದೆ. ಆ ಏರಿಕೆಯ ತುದಿ 25½ ಗುಂಟೆ. ಅದನ್ನು ದಾಟಿಸಲು ಯಾವ ಪಟ್ಟೆದಾರರಿಂದಲೂ ಆಗದು.

ಊರಿನ ಸೂತ್ರ ಯಾವಾಗಲೂ ಹೆಚ್ಚು ಕಡೆಗೇ ವಾಲುತ್ತದೆ, ಎಂದೂ ಕಡಿಮೆ ಹೇಳುವುದಿಲ್ಲ. ಕಾರಣ ಸರಳ. ಒಂದು ಮೂಲೆಯಲ್ಲಿ ಕೂಡುವ ಎರಡು ಬದುಗಳನ್ನು ಹಿಡಿದು ತ್ರಿಭುಜ ಮಾಡಿದರೆ, ಆ ಮೂಲೆ ನೆಟ್ಟಗಿದ್ದಾಗ ಮಾತ್ರ ಅದರ ವಿಸ್ತೀರ್ಣ ಎರಡರ ಗುಣಲಬ್ಧದ ಅರ್ಧ. ಮೂಲೆ ಕಿರಿದಾದರೂ ಕಡಿಮೆ, ಅಗಲವಾದರೂ ಕಡಿಮೆ. ಹೊಲವನ್ನು ಒಂದು ಕರ್ಣದಲ್ಲಿ ಸೀಳಿದರೆ ಎರಡು ಮೂಲೆಗಳ ತ್ರಿಭುಜಗಳು ಸಿಗುತ್ತವೆ, ಇನ್ನೊಂದು ಕರ್ಣದಲ್ಲಿ ಸೀಳಿದರೆ ಉಳಿದೆರಡು ಮೂಲೆಗಳವು. ನಾಲ್ಕೂ ಮೂಲೆ ನೆಟ್ಟಗಿವೆ ಎಂದು ನಂಬಿಕೊಂಡು ಎರಡೂ ಸೀಳಿನ ಸರಾಸರಿ ತೆಗೆದರೆ ಬರುವುದೇ ಊರಿನ ಸೂತ್ರ. ನಂಬಿಕೆ ನಿಜವಾಗುವುದು ಆಯತದಲ್ಲಿ ಮಾತ್ರ. ಮಿಕ್ಕೆಲ್ಲ ಹೊಲದಲ್ಲೂ ಗುಂಟೆಗಳು ಕಾಗದದ ಮೇಲೆ ಹುಟ್ಟುತ್ತವೆ. ಗುಂಟೆಗಿಷ್ಟು ಎಂದು ಕೊಡುವವನು ಅದಕ್ಕೂ ಸೇರಿಸಿಯೇ ತೆರುತ್ತಾನೆ.

ಈ ಸೂತ್ರಕ್ಕೆ ದೊಡ್ಡ ವಂಶಾವಳಿಯಿದೆ. ಈಜಿಪ್ಟಿನ ಎಡ್ಫು ಎಂಬಲ್ಲಿ ಹೋರಸ್ ದೇವರ ಗುಡಿಯ ಗೋಡೆಯ ಮೇಲೆ ದೇವಸ್ಥಾನದ ಜಮೀನುಗಳ ಪಟ್ಟಿಯನ್ನು ಕೆತ್ತಿದ್ದಾರೆ. ಎರಡು ಸಾವಿರ ವರ್ಷಕ್ಕೂ ಹಿಂದಿನದು. ಅಲ್ಲಿ ಹೊಲಗಳನ್ನು ಅಳೆದಿರುವುದು ಹೀಗೇ, ಎದುರು ಬದುಗಳ ಸರಾಸರಿ ಗುಣಿಸಿ. ಮೂರು ಬದುವಿನ ಹೊಲ ಬಂದರೆ ನಾಲ್ಕನೆಯದು ಸೊನ್ನೆ ಎಂದು ಬರೆದು ಅದೇ ಸೂತ್ರ ಹಚ್ಚಿದ್ದಾರೆ! ನಮ್ಮಲ್ಲಿ ಬ್ರಹ್ಮಗುಪ್ತ 628ರಲ್ಲಿ ಬರೆದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಇದು ಬರುತ್ತದೆ, ಆದರೆ ಅವನಿಗೆ ಇದು ಒರಟು ಲೆಕ್ಕವೆಂದು ಗೊತ್ತಿತ್ತು. ಸೂಕ್ಷ್ಮ ಲೆಕ್ಕಕ್ಕೆ ಅವನು ಬೇರೊಂದು ಸೂತ್ರ ಕೊಟ್ಟ. ನಾಲ್ಕು ಮೂಲೆಯೂ ಒಂದೇ ವೃತ್ತದ ಮೇಲೆ ಕೂರುವ ಚತುರ್ಭುಜಕ್ಕೆ ಅದು ಕರಾರುವಾಕ್ಕು. ಮೇಲೆ ಹೇಳಿದ 25½ ಗುಂಟೆಯ ತುದಿ ಸಿಕ್ಕಿದ್ದೂ ಆ ಸೂತ್ರದಿಂದಲೇ, ಏಕೆಂದರೆ ನಾಲ್ಕು ಬದುಗಳು ಗರಿಷ್ಠ ಜಾಗವನ್ನು ಬಳಸುವುದು ಮೂಲೆಗಳು ವೃತ್ತದ ಮೇಲೆ ಬಿದ್ದಾಗ. ರಾಷ್ಟ್ರಕೂಟ ನೃಪತುಂಗನ ಕಾಲದ ಮಹಾವೀರನೂ ಗಣಿತಸಾರಸಂಗ್ರಹದಲ್ಲಿ ವ್ಯವಹಾರದ ಲೆಕ್ಕ ಬೇರೆ, ಸೂಕ್ಷ್ಮ ಲೆಕ್ಕ ಬೇರೆ ಎಂದು ಎರಡನ್ನೂ ಹೇಳಿಕೊಟ್ಟಿದ್ದಾನೆ.

ತಾಳ್ಮೆ ಕಳೆದುಕೊಂಡವನು ಭಾಸ್ಕರಾಚಾರ್ಯ. 1150ರ ಸುಮಾರಿನ ಲೀಲಾವತಿಯಲ್ಲಿ ಅವನು ನೇರವಾಗಿ ವಾದಿಸುತ್ತಾನೆ: ಭುಜಗಳು ಅವೇ ಇದ್ದರೂ ಕರ್ಣಗಳು ಬೇರೆ ಬೇರೆಯಾಗಬಹುದು, ಕರ್ಣ ಬದಲಾದರೆ ಫಲವೂ ಬದಲಾಗುತ್ತದೆ. ಕರ್ಣವನ್ನಾಗಲಿ ಲಂಬವನ್ನಾಗಲಿ ಹೇಳದೆ ಚತುರ್ಭುಜದ ವಿಸ್ತೀರ್ಣ ಕೇಳುವವನು ಪಿಶಾಚಿ, ಉತ್ತರ ಕೊಡಲು ಹೊರಟವನು ಅವನಿಗಿಂತ ದೊಡ್ಡ ಪಿಶಾಚಿ ಎಂದು ಬೈದೂ ಬಿಡುತ್ತಾನೆ. ಗಣಿತದ ಪುಸ್ತಕದಲ್ಲಿ ಇಷ್ಟು ಖಾರ ಅಪರೂಪ. ಅವನು ಕೇಳುತ್ತಿರುವುದು ಒಂದೇ ಒಂದು ಅಳತೆ ಹೆಚ್ಚಿಗೆ.

ಆ ಐದನೆಯ ಅಳತೆಗೆ ಈಗ ಹೊಲಕ್ಕೆ ಇಳಿಯೋಣ. ಬೇಕಾಗುವುದು ನೂರು ಅಡಿಯ ಟೇಪು, ಒಂದಷ್ಟು ಗೂಟ, ಆಳೆತ್ತರದ ನಾಲ್ಕಾರು ನೆಟ್ಟನೆಯ ಕೋಲು, ಉದ್ದನೆಯ ಹಗ್ಗ, ಇಬ್ಬರು ಆಳು. ದಾರಿ ಮೂಲೆಯಲ್ಲೊಂದು, ಹೊಂಗೆ ಮೂಲೆಯಲ್ಲೊಂದು ಕೋಲು ನಿಲ್ಲಿಸಿ. ಒಂದು ತುದಿಯಲ್ಲಿ ನಿಂತು ಒಂದೇ ಕಣ್ಣಲ್ಲಿ ನೋಡುತ್ತ, ನಡುವೆ ಎರಡು ಮೂರು ಕೋಲುಗಳನ್ನು ಆಳಿನ ಕೈಲಿ ಎಡಕ್ಕೆ ಬಲಕ್ಕೆ ಸರಿಸಿಸಿ, ಎಲ್ಲವೂ ಮೊದಲ ಕೋಲಿನ ಹಿಂದೆ ಮರೆಯಾಗುವಂತೆ ನೆಡಿಸಿ. ಆ ಸಾಲಿನ ಮೇಲೆ ಹಗ್ಗ ಬಿಗಿದು ಅದರುದ್ದಕ್ಕೂ ಟೇಪು ಹಿಡಿಯಿರಿ. ನಮ್ಮ ಹೊಲದಲ್ಲಿ 210 ಅಡಿ ಬಂತು.

ಈಗ ಹೊಲ ಎರಡು ತ್ರಿಭುಜ. ಒಂದರ ತುದಿ ಬಾವಿ, ಇನ್ನೊಂದರ ತುದಿ ಹುಣಸೆ. ಬುಡ ಮಾತ್ರ ಎರಡಕ್ಕೂ ಒಂದೇ, ಆ ಹಗ್ಗ. ಬೇಕಾದದ್ದು ತುದಿಯಿಂದ ಬುಡಕ್ಕೆ ನೆಟ್ಟಗಿನ ದೂರ, ಅಂದರೆ ಲಂಬ. ಇದಕ್ಕೆ ಯಂತ್ರ ಬೇಡ. ಟೇಪಿನ ಸೊನ್ನೆಯನ್ನು ಬಾವಿ ಮೂಲೆಯಲ್ಲಿ ಒಬ್ಬರು ಹಿಡಿದುಕೊಂಡರೆ, ಇನ್ನೊಬ್ಬರು ಹಗ್ಗದ ಮೇಲೆ ಅತ್ತಿಂದಿತ್ತ ಸರಿಯುತ್ತ ಓದುತ್ತ ಹೋಗಲಿ. (ನೂರು ಅಡಿಯ ಟೇಪು ಸಾಲದಿದ್ದರೆ ಹಿಗ್ಗದ ಹಗ್ಗವನ್ನು ಹೀಗೆ ಬೀಸಿ, ಆಮೇಲೆ ಹಗ್ಗವನ್ನು ಅಳೆಯಿರಿ.) ಅತಿ ಕಡಿಮೆ ಎಲ್ಲಿ ಬಂತೋ ಅದೇ ಲಂಬ. ಬಾವಿಯಿಂದ 180 ಅಡಿ, ಅದು ಹಗ್ಗವನ್ನು ಮುಟ್ಟಿದ್ದು ದಾರಿ ಮೂಲೆಯಿಂದ 75 ಅಡಿಯಲ್ಲಿ. ಹುಣಸೆಯಿಂದ 80 ಅಡಿ, ಮುಟ್ಟಿದ್ದು 150 ಅಡಿಯಲ್ಲಿ.

ಕಣ್ಣಳತೆಯಲ್ಲಿ ಲಂಬ ಹುಡುಕಿದರೆ ತಪ್ಪಾಗದೇ ಎಂದು ಕೇಳಬಹುದು. ಮುಟ್ಟುವ ಜಾಗದಲ್ಲಿ ತಪ್ಪಾಗುತ್ತದೆ, ಉದ್ದದಲ್ಲಿ ಅಷ್ಟಾಗಿ ಆಗುವುದಿಲ್ಲ. ಬಾವಿಯ ಲಂಬವನ್ನು ಹಗ್ಗದ ಮೇಲೆ ಐದು ಅಡಿ ಆಚೆಗೆ ಹಿಡಿದುಬಿಟ್ಟಿರಿ ಎನ್ನೋಣ. ಟೇಪು 180ರ ಬದಲು 180 ಅಡಿ ಒಂದು ಅಂಗುಲ ತೋರಿಸೀತು, ಅಷ್ಟೆ. ಕನಿಷ್ಠದ ಆಸುಪಾಸಿನಲ್ಲಿ ಅಳತೆ ಬಟ್ಟಲಿನ ತಳದಂತೆ ಚಪ್ಪಟೆ. ಈ ವಿಧಾನವನ್ನು ನಾನು ಇಷ್ಟಪಡುವುದು ಇದಕ್ಕಾಗಿ: ಕೈತಪ್ಪನ್ನು ಅದು ತಾನೇ ನುಂಗಿಕೊಳ್ಳುತ್ತದೆ.

ಇನ್ನು ಲೆಕ್ಕ. ತ್ರಿಭುಜಕ್ಕೆ ಬುಡ ಗುಣಿಸು ಲಂಬ, ಅದರ ಅರ್ಧ. ಬುಡ ಒಂದೇ ಆದ್ದರಿಂದ ಎರಡು ಲಂಬಗಳನ್ನು ಮೊದಲೇ ಕೂಡಿಬಿಡಬಹುದು.

210 × (180 + 80) ÷ 2 = 27,300 ಚದರ ಅಡಿ

1,089ರಿಂದ ಭಾಗಿಸಿದರೆ 25 ಗುಂಟೆ 1 ಆಣೆ. ಊರಿನ ಸೂತ್ರ ಕೊಟ್ಟದ್ದು 26 ಗುಂಟೆ 12 ಆಣೆ. ಹನ್ನೊಂದಾಣೆ ಸೇರಿದ ಒಂದು ಗುಂಟೆ ಗಾಳಿಯಲ್ಲಿತ್ತು. ಸರ್ವೆಯವರ ಹಳೆಯ ಟಿಪ್ಪಣಿ ನಕ್ಷೆಗಳನ್ನು ನೋಡಿದ್ದರೆ ಹೊಲದ ನಡುವೆ ಹಾಯುವ ಒಂದು ಗೆರೆ, ಅದರ ಎಡಬಲಕ್ಕೆ ಮೂಲೆಗಳತ್ತ ಹೊರಟ ಅಡ್ಡಗೆರೆಗಳು ನೆನಪಿಗೆ ಬರಬಹುದು. ಅದೂ ಇದೇ ಕೆಲಸ.

ಹೊಲದಲ್ಲಿ ಬೆಳೆ ನಿಂತಿದ್ದು ಲಂಬ ಹಿಡಿಯಲು ಆಗದಿದ್ದರೆ? ಹೇಗಾದರೂ ಕರ್ಣವೊಂದನ್ನು ಅಳೆದುಕೊಂಡರೆ ಸಾಕು, ಪ್ರತಿ ತ್ರಿಭುಜದ ಮೂರು ಭುಜಗಳೂ ಕೈಯಲ್ಲಿರುತ್ತವೆ. ಅಲೆಕ್ಸಾಂಡ್ರಿಯದ ಹೆರಾನನ ಹೆಸರಿನ ಸೂತ್ರ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಮೂರು ಭುಜ ಕೂಡಿ ಅರ್ಧ ಮಾಡಿ. ಆ ಅರ್ಧದಿಂದ ಒಂದೊಂದು ಭುಜವನ್ನೂ ಬೇರೆ ಬೇರೆಯಾಗಿ ಕಳೆಯಿರಿ. ನಾಲ್ಕನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ. ಬಾವಿ ಕಡೆಯ ತ್ರಿಭುಜದ ಭುಜಗಳು 195, 225, 210. ಕೂಡಿದರೆ 630, ಅರ್ಧ 315. ಕಳೆದಾಗ ಬರುವುದು 120, 90, 105.

√(315 × 120 × 90 × 105) = 18,900

ಹುಣಸೆ ಕಡೆಯದು 170, 100, 210. ಅರ್ಧ 240, ಕಳೆದರೆ 70, 140, 30. ವರ್ಗಮೂಲ 8,400. ಎರಡೂ ಸೇರಿ ಮತ್ತೆ 27,300. ಮೊಬೈಲಿನ ಕ್ಯಾಲ್ಕುಲೇಟರಿಗೆ ಇದು ಅರೆ ನಿಮಿಷದ ಕೆಲಸ.

ಆದರೆ ಈ ಸೂತ್ರಕ್ಕೊಂದು ಕೆಟ್ಟ ಗುಣವಿದೆ, ಸೀಳಿನಂತೆ ತೆಳ್ಳಗಿನ ತ್ರಿಭುಜ ಬಂದರೆ ಅಳತೆಯ ಸಣ್ಣ ತಪ್ಪನ್ನು ಊದಿಸಿಬಿಡುತ್ತದೆ. ಹುಣಸೆ ಮೂಲೆಯ 170 ಮತ್ತು 100ರ ಬದುಗಳು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿದ್ದು ಕರ್ಣ 260 ಅಡಿಯಾಗಿದ್ದರೆ ಆ ತ್ರಿಭುಜ 4,557 ಚದರ ಅಡಿ. ಟೇಪು ಕೊಂಚ ಡೊಂಕಾಗಿ 261 ಓದಿತೆನ್ನಿ, 4,345ಕ್ಕೆ ಇಳಿಯುತ್ತದೆ. ಒಂದು ಅಡಿಯ ತಪ್ಪಿಗೆ ಇನ್ನೂರಕ್ಕೂ ಹೆಚ್ಚು ಚದರ ಅಡಿ, ಮೂರು ಆಣೆ ಹೋಯಿತು. ಇರುವ ಎರಡು ಕರ್ಣಗಳಲ್ಲಿ ಯಾವುದು ಗುಂಡುಗುಂಡಾದ ತ್ರಿಭುಜಗಳನ್ನು ಕೊಡುತ್ತದೋ ಅದನ್ನು ಆರಿಸಿಕೊಳ್ಳಬೇಕು. ಅದು ಆಗದಿದ್ದರೆ ತೆಳು ತ್ರಿಭುಜಕ್ಕೆ ಲಂಬವನ್ನೇ ಅಳೆಯಿರಿ.

ಒಂದು ಮೂಲೆ ಹೊಲದೊಳಕ್ಕೆ ತಗ್ಗಿದ್ದರೆ, ಪಕ್ಕದವರ ಕಣವೋ ಬಂಡೆಯೋ ಒಳನುಗ್ಗಿರುವಂತೆ, ಆಗ ಆಯ್ಕೆಯೇ ಇಲ್ಲ. ಒಂದು ಕರ್ಣ ಹೊಲದ ಹೊರಗೇ ಹಾಯುತ್ತದೆ. ಒಳತಗ್ಗಿದ ಆ ಮೂಲೆಯಿಂದ ಹೊರಡುವ ಕರ್ಣ ಮಾತ್ರ ನಿಮ್ಮ ಮಣ್ಣಿನ ಮೇಲಿರುತ್ತದೆ, ಅದನ್ನೇ ಹಿಡಿಯಿರಿ.

ಐದು ಅಳತೆಗೆ ಆಕಾರ ನಿಂತಿತು. ಆರನೆಯದನ್ನೂ ಮಾಡಿ ಎಂದು ನಾನು ಒತ್ತಾಯಿಸುತ್ತೇನೆ, ಅದು ಸಾಕ್ಷಿ. ಬಾವಿ ಮೂಲೆಯಿಂದ ಹುಣಸೆಗೆ, ಎರಡನೆಯ ಕರ್ಣ. ಅದು ಎಷ್ಟಿರಬೇಕೆಂದು ಮೊದಲೇ ಹೇಳಬಹುದು, ಲಂಬಗಳು ಮುಟ್ಟಿದ ಜಾಗ ಬರೆದಿಟ್ಟುಕೊಂಡದ್ದು ಇದಕ್ಕೇ. ಒಂದು 75ರಲ್ಲಿ, ಇನ್ನೊಂದು 150ರಲ್ಲಿ. ನಡುವೆ 75 ಅಡಿ. ಎರಡು ಲಂಬ ಸೇರಿ 260. ಇವೆರಡು ನೆಟ್ಟ ಮೂಲೆಯ ಭುಜಗಳು, ನಾವು ಕೇಳುತ್ತಿರುವುದು ಅದರ ಕರ್ಣ: 75ರ ವರ್ಗ, 260ರ ವರ್ಗ ಕೂಡಿ ವರ್ಗಮೂಲ, 270 ಅಡಿ 7 ಅಂಗುಲ. ಹೋಗಿ ಅಳೆಯಿರಿ. ಅರ್ಧ ಅಡಿಯೊಳಗೆ ಹೊಂದಿದರೆ ಕೆಲಸ ಚೊಕ್ಕ. ನಾಲ್ಕೈದು ಅಡಿ ಬೇರೆ ಬಂದರೆ, ನೂರರ ಒಂದು ಟೇಪನ್ನು ಎಣಿಸಲು ಮರೆತಿಲ್ಲ ಎಂಬುದಂತೂ ಖಚಿತ. ಮರೆತಿದ್ದರೆ ವ್ಯತ್ಯಾಸ ಇನ್ನೂ ದೊಡ್ಡದಿರುತ್ತಿತ್ತು. ಹೆಚ್ಚಾಗಿ ಯಾವುದೋ ಒಂದು ಮೂಲೆಯ ಗೂಟವನ್ನು ಎರಡು ಸಲ ಎರಡು ಕಡೆ ಹಿಡಿದಿರುತ್ತೀರಿ, ಒಮ್ಮೆ ಬಾಂದು ಕಲ್ಲಿಗೆ, ಇನ್ನೊಮ್ಮೆ ಬದುವಿನ ಈಚೆಯ ಅಂಚಿಗೆ.

ಗಮನಿಸಬೇಕಾದ ಮಾತೆಂದರೆ, ಟೇಪು ಹಿಡಿಯುವಾಗಿನ ತಪ್ಪುಗಳು ಹೆಚ್ಚಾಗಿ ಒಂದೇ ದಿಕ್ಕಿನವು. ಗೆರೆ ಡೊಂಕಾದರೆ ಉದ್ದ ಹೆಚ್ಚು, ಟೇಪು ಜೋತುಬಿದ್ದರೆ ಹೆಚ್ಚು, ಇಳಿಜಾರಿನಲ್ಲಿ ನೆಲಕ್ಕೆ ಅಂಟಿಸಿ ಹಿಡಿದರೆ ಹೆಚ್ಚು. ಜಮೀನಿನ ವಿಸ್ತೀರ್ಣವೆಂದರೆ ಮೇಲಿನಿಂದ ನೋಡಿದಾಗ ಕಾಣುವ ಚಪ್ಪಟೆ ಜಾಗ; ಗುಡ್ಡದ ಚರ್ಮ ಅಲ್ಲ. ನೂರು ಅಡಿಗೆ ಹತ್ತು ಅಡಿ ಇಳಿಯುವ ಹೊಲದಲ್ಲಿ ವ್ಯತ್ಯಾಸ ಬರೇ ಅರ್ಧ ಅಡಿ, ಬಿಟ್ಟರೂ ನಡೆದೀತು. ಇಪ್ಪತ್ತು ಅಡಿ ಇಳಿದರೆ ಎರಡು ಅಡಿ. ಮಲೆನಾಡಿನ ಕಡಿದಾದ ಜಾಗದಲ್ಲಿ ಟೇಪನ್ನು ತುಂಡುತುಂಡಾಗಿ, ಇಪ್ಪತ್ತು ಇಪ್ಪತ್ತೈದು ಅಡಿಯಂತೆ ಮಟ್ಟವಾಗಿ ಹಿಡಿದು, ಎತ್ತಿ ಹಿಡಿದ ತುದಿಯಿಂದ ಗಾರೆಯವರ ತೂಕದ ಗುಂಡು ಇಳಿಬಿಟ್ಟು, ಮೆಟ್ಟಿಲಿಳಿದಂತೆ ಅಳೆಯಬೇಕಾಗುತ್ತದೆ.

ಇಷ್ಟಾದರೂ ನಿಮ್ಮ ಅಂಕಿ ಪಹಣಿಯದಕ್ಕೆ ಸರಿಯಾಗಿ ತಾಳೆಯಾಗದೆ ಇರಬಹುದು. ಪಹಣಿಯಲ್ಲಿ ಖರಾಬನ್ನು ಬೇರೆ ತೋರಿಸಿರುತ್ತಾರೆ, ಬದು ತಲೆಮಾರುಗಳಲ್ಲಿ ಅತ್ತಿತ್ತ ಸರಿದಿರುತ್ತದೆ. ಪೋಡಿಗೋ ಹದ್ದುಬಸ್ತಿಗೋ ಸರ್ವೆಯವರ ಅಳತೆಯೇ ಬೇಕು. ಒಂದು ಬೆಳೆಯ ಗುತ್ತಿಗೆಗೆ ನಮ್ಮ ಟೇಪು ಸಾಕು.

ಅಂದ ಹಾಗೆ ಹತ್ತು ಗುಂಟೆ ಇನ್ನೂ ಗುರುತಾಗಿಲ್ಲ. ಶುಂಠಿಯವರಿಗೆ ಗಾಡಿಗೆ ದಾರಿ ಬೇಕು, ಬಾವಿಯ ನೀರೂ ಬೇಕು. ಹಾಗಾದರೆ ದಾರಿ ಮೂಲೆ, ಬಾವಿ ಮೂಲೆ ಎರಡೂ ಅವರ ತುಂಡಿನಲ್ಲಿರಲಿ. ದಾರಿ ಮೂಲೆಯಿಂದ ಒಂದು ಗೆರೆ ಹೊರಟು ಬಾವಿ–ಹೊಂಗೆಯ ಬದುವನ್ನು ಎಲ್ಲೋ ಮುಟ್ಟಲಿ. ಎಲ್ಲಿ? ಮತ್ತೆ ತ್ರಿಭುಜವೇ ಉತ್ತರ. ದಾರಿ, ಬಾವಿ, ಹೊಂಗೆ ಮೂಲೆಗಳ ಇಡೀ ತ್ರಿಭುಜ 18,900 ಚದರ ಅಡಿ, ಆ ಬದುವಿನ ಉದ್ದ 225. ತುದಿ ದಾರಿ ಮೂಲೆಯಲ್ಲೇ ನಿಂತು ಬುಡ ಮಾತ್ರ ಕುಗ್ಗಿದರೆ ಎತ್ತರ ಬದಲಾಗುವುದಿಲ್ಲ, ವಿಸ್ತೀರ್ಣ ಬುಡದಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ. ಹತ್ತು ಗುಂಟೆ ಎಂದರೆ 10,890 ಚದರ ಅಡಿ.

225 × 10,890 ÷ 18,900 = 129.64

ಬಾವಿ ಮೂಲೆಯಿಂದ ಹೊಂಗೆಯ ಕಡೆ ಬದುವಿನ ಮೇಲೆ 129 ಅಡಿ 8 ಅಂಗುಲ ಅಳೆದು ಗೂಟ ಹೊಡೆಯಿರಿ. ಅಲ್ಲಿಂದ ದಾರಿ ಮೂಲೆಗೆ ಹಗ್ಗ ಎಳೆದರೆ ಅದರ ಉದ್ದ 170 ಅಡಿ 9 ಅಂಗುಲ ಬರಬೇಕು. ಬಂದರೆ 195, 129.64, 170.75ಕ್ಕೆ ಹೆರಾನನ ಸೂತ್ರ ಹಾಕಿ, 10,890ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಹಗ್ಗದ ಆಚೆ ಯಜಮಾನರಿಗೆ 15 ಗುಂಟೆ 1 ಆಣೆ ಉಳಿಯಿತು.

ಗೂಟವನ್ನು ಆಳವಾಗಿ ಹೊಡೆಯಿರಿ, ಬುಡದಲ್ಲಿ ಒಂದು ಕಲ್ಲನ್ನೂ ಹೂತಿಡಿ. ಉಳುವಾಗ ಟ್ರ್ಯಾಕ್ಟರ್ ತಾಗಿ ಗೂಟ ಬದುವಿನ ಮೇಲೆ ಒಂದು ಅಡಿ ಸರಿದರೆ, ಸರಿದ ಕಡೆಯವರಿಗೆ 84 ಚದರ ಅಡಿ ಕೈತಪ್ಪುತ್ತದೆ, ಆಣೆಕಾಲಾಣೆ ಲೆಕ್ಕದಲ್ಲಿ ಒಂದೂಕಾಲು ಆಣೆ.